ಸೂಜಿ, ಊಟ, ಏಕಾದಶಿ: ಮನೆಗೆ ಬರುವ ನರ್ಸ್‌ಗೆ ಅಮ್ಮನ ದಿನಚರಿ ಬರೆದುಕೊಡುವುದು ಹೇಗೆ

ಮುಂಬೈಯ ನರ್ಸಿಂಗ್ ಬ್ಯೂರೋದಿಂದ ನರ್ಸ್ ಅಥವಾ ಆರೈಕೆ ಮಾಡುವ ಮಾವಶಿ ಬಂದ ಮೊದಲ ದಿನ ಮನೆಯವರು ಸಾಮಾನ್ಯವಾಗಿ ಡಾಕ್ಟರ ಚೀಟಿಯನ್ನು ಅವರ ಕೈಗೆ ಕೊಟ್ಟು, ಗುಳಿಗೆ ಡಬ್ಬಿ ತೋರಿಸಿ, ಲೋಕಲ್ ಹಿಡಿಯಲು ಓಡುತ್ತಾರೆ. ಯಾವ ಗುಳಿಗೆ, ಎಷ್ಟು, ಯಾವಾಗ ಎಂಬುದು ಆ ಚೀಟಿಯಲ್ಲಿರುತ್ತದೆ. ಅಮ್ಮ ಆ ದಿನ ಉಣ್ಣದೇ ಇದ್ದರೆ ಏನು ಮಾಡಬೇಕು ಎಂಬುದು ಇರುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ವಯಸ್ಸಾದವರ ಮನೆಯಲ್ಲಿ ಅನಾಹುತ ಆಗುವುದು ಹೆಚ್ಚಾಗಿ ಇಲ್ಲಿಯೇ: ಸೂಜಿ ಹೊಟ್ಟೆಗೆ ಹೋಯಿತು, ಊಟ ಹೋಗಲಿಲ್ಲ. ಹಾಗಾಗಿ ಈ ದಿನಚರಿಯನ್ನು ಗಡಿಯಾರಕ್ಕೆ ಕಟ್ಟದೆ ಊಟಕ್ಕೆ ಕಟ್ಟಿ ಬರೆಯಬೇಕು.

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಡೊಂಬಿವಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನಿಗೆ 76 ವರ್ಷ, ಧಾರವಾಡ ಕಡೆಯವರು, ಮಾಧ್ವ ಮನೆತನ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್. ಆರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಬ್ಯೂರೋದ ಸಿಸ್ಟರ್, ರಾತ್ರಿ ಮನೆಯವರು. ಕೆಳಗೆ ಬರುವ ಗುಳಿಗೆ, ಯೂನಿಟ್ಟುಗಳೆಲ್ಲ ಈ ಉದಾಹರಣೆಯವು. ನಿಮ್ಮ ಮನೆಯ ಅಂಕಿಗಳನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಮೊದಲು ಎಲ್ಲ ಸ್ಟ್ರಿಪ್ಪುಗಳೂ ಮೇಜಿನ ಮೇಲೆ

ಡಾಕ್ಟರ ಚೀಟಿ ನೋಡಿ ಪಟ್ಟಿ ಬರೆಯಲು ಕೂರಬೇಡಿ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ತಂದು ಮೇಜಿನ ಮೇಲೆ ಹರಡಿ. ಡಬ್ಬಿಯಲ್ಲಿರುವವು, ಫ್ರಿಜ್ಜಿನಲ್ಲಿರುವವು, ಅಮ್ಮನ ಪರ್ಸಿನಲ್ಲಿ, ದೇವರ ಮನೆಯ ಗೂಡಿನಲ್ಲಿ ಇರುವವು, ಊರಿಂದ ತಂದ ಚೂರ್ಣ, ಮೊಣಕಾಲು ನೋವಿಗೆ ಪಕ್ಕದ ಮನೆಯವರು ಕೊಟ್ಟ ಗುಳಿಗೆ, ಎಲ್ಲವೂ ಬರಲಿ. ಆಮೇಲೆ ಒಂದೊಂದೇ ಸ್ಟ್ರಿಪ್ಪನ್ನು ತಿರುಗಿಸಿ, ಕಂಪನಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲ ಹೆಸರು ಓದಿ.

ಹೀಗೆ ಓದುವಾಗ ಎರಡು ತಪ್ಪುಗಳು ಪದೇ ಪದೇ ಸಿಗುತ್ತವೆ. ಮೊದಲನೆಯದು, ಒಂದೇ ಔಷಧ ಎರಡು ಹೆಸರಿನಲ್ಲಿ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಬೇರೆ ಕಂಪನಿಯ ಬಿಪಿ ಗುಳಿಗೆ ಟೆಲ್ಮಿಸಾರ್ಟನ್ ಬರೆದುಕೊಟ್ಟಿರುತ್ತಾರೆ, ಮನೆಯಲ್ಲಿ ಹಳೆಯದೂ ಇರುತ್ತದೆ, ಎರಡೂ ನಡೆಯುತ್ತಿರುತ್ತವೆ. ಅಮ್ಮ ಹಾಸಿಗೆಯಿಂದ ಎದ್ದೊಡನೆ ತೂರಾಡುವುದು ಇದರಿಂದಲೂ ಆಗುತ್ತದೆ. ಎರಡನೆಯದು ಬಾಲದ ಅಕ್ಷರಗಳು. ಒಂದೇ ಬ್ರ್ಯಾಂಡಿನ ಹೆಸರಿನ ಮುಂದೆ ಎಎಂ, ಎಚ್ ಎಂದೆಲ್ಲ ಅಕ್ಷರಗಳಿದ್ದರೆ ಅದರೊಳಗೆ ಇನ್ನೊಂದು ಔಷಧವೂ ಸೇರಿದೆ ಎಂದರ್ಥ. ಮೆಡಿಕಲ್ ಅಂಗಡಿಯವರು ಬಾಲ ಬೇರೆಯಾದದ್ದನ್ನು ಕೊಟ್ಟರೆ ಸ್ಟ್ರಿಪ್ಪಿನ ಬಣ್ಣ ಹೆಚ್ಚು ಕಡಿಮೆ ಅದೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮ ಹಾಳೆಯಲ್ಲಿ ಔಷಧದ ಹೆಸರನ್ನು ಸ್ಟ್ರಿಪ್ಪಿನ ಮೇಲಿರುವ ಹಾಗೆಯೇ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಬಾಲ ಸಮೇತ ಬರೆಯಿರಿ. ಪಕ್ಕದಲ್ಲಿ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವುದಕ್ಕೆ ಎಂದು ಬರೆಯಿರಿ. "ಬಿಳಿ ಗುಂಡನೆಯದು" ಎಂದು ಬರೆಯಬೇಡಿ, ಅಂಥವು ನಾಲ್ಕಿರುತ್ತವೆ.

ಮೊಣಕಾಲಿನ ನೋವಿನ ಗುಳಿಗೆಯನ್ನು ಮಾತ್ರ ಮನೆಯಿಂದಲೇ ಆಚೆ ಹಾಕಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಟೆಲ್ಮಿಸಾರ್ಟನ್ ಜೊತೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಆಸ್ಪಿರಿನ್ ಜೊತೆ ಸೇರಿ ಹೊಟ್ಟೆಯೊಳಗೆ ರಕ್ತ ಸೋರಿಸುತ್ತವೆ. ನೋವಿಗೆ ಏನು ಕೊಡಬಹುದು ಎಂದು ಡಾಕ್ಟರನ್ನು ಕೇಳಿ ಅದೊಂದನ್ನೇ ಹಾಳೆಯಲ್ಲಿ ಬರೆಯಿರಿ.

ದಿನದ ಹಾಳೆ

ನಮ್ಮ ಉದಾಹರಣೆಯ ಅಮ್ಮನ ಹಾಳೆ ಹೀಗಿರುತ್ತದೆ. ಒಂದೇ ಪುಟ, ದೊಡ್ಡ ಅಕ್ಷರ, ಫ್ರಿಜ್ಜಿನ ಬಾಗಿಲಿಗೆ.

6:30, ಬರಿಹೊಟ್ಟೆ: ಥೈರಾಕ್ಸಿನ್ 50 ಮೈಕ್ರೋಗ್ರಾಂ, ನೀರಿನ ಜೊತೆ. ಮಗ ಕೊಡುತ್ತಾನೆ. 7:30ರವರೆಗೆ ಚಹಾ ಇಲ್ಲ.
8:15: ಬೆರಳಿನ ಸಕ್ಕರೆ ನೋಡುವುದು. ತಿಂಡಿ ಅಡುಗೆಮನೆಯಲ್ಲಿ ಸಿದ್ಧವಿದ್ದರೆ ಮಾತ್ರ ಇನ್ಸುಲಿನ್ 30/70, 14 ಯೂನಿಟ್.
8:45, ತಿಂಡಿ. ಮುಗಿದ ಮೇಲೆ: ಮೆಟ್‌ಫಾರ್ಮಿನ್ 500, ಮೆಟೊಪ್ರೊಲಾಲ್ ಎಕ್ಸ್‌ಎಲ್ 25, ಟೆಲ್ಮಿಸಾರ್ಟನ್ 40. ಕೊನೆಯ ಎರಡಕ್ಕೆ ಮೊದಲು ಬಿಪಿ, ನಾಡಿ ನೋಡುವುದು.
1:30, ಊಟ. ಆದ ಮೇಲೆ: ಆಸ್ಪಿರಿನ್ 75, ಕ್ಯಾಲ್ಸಿಯಂ 500.
5:00: ಚಹಾ, ಜೊತೆಗೆ ಏನಾದರೂ ತಿನ್ನಲು.
8:15 ರಾತ್ರಿ: ಸಕ್ಕರೆ ನೋಡುವುದು, ಇನ್ಸುಲಿನ್ 8 ಯೂನಿಟ್. ಮನೆಯವರು.
8:45, ಊಟ. ಆದ ಮೇಲೆ: ಮೆಟ್‌ಫಾರ್ಮಿನ್ 500, ಅಟೋರ್ವಾಸ್ಟಾಟಿನ್ 10.
10:30: ಅರ್ಧ ಲೋಟ ಹಾಲು.

ಈ ಹಾಳೆಯಲ್ಲಿ ಕೆಲವನ್ನು ಬೇಕೆಂದೇ ಹಾಗಿಟ್ಟಿದೆ. ಥೈರಾಕ್ಸಿನ್ ಬೆಳಿಗ್ಗೆ, ಕ್ಯಾಲ್ಸಿಯಂ ಮಧ್ಯಾಹ್ನ ಇರುವುದಕ್ಕೆ ಕಾರಣವಿದೆ. ಎರಡರ ನಡುವೆ ಕಡಿಮೆಯೆಂದರೂ ನಾಲ್ಕು ಗಂಟೆ ಇರದಿದ್ದರೆ ಕ್ಯಾಲ್ಸಿಯಂ ಥೈರಾಕ್ಸಿನ್ನನ್ನು ಹಿಡಿದುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. "ಎಲ್ಲಾ ಒಟ್ಟಿಗೇ ಕೊಟ್ಟುಬಿಟ್ಟೆ" ಎನ್ನುವ ಸಿಸ್ಟರ್‌ಗೆ ಕಾರಣ ಒಂದು ಸಾಲಿನಲ್ಲಿ ಬರೆದಿಟ್ಟರೆ ಹಾಗೆ ಮಾಡುವುದಿಲ್ಲ. ಎಕ್ಸ್‌ಎಲ್, ಎಸ್‌ಆರ್ ಎಂದಿರುವ ಗುಳಿಗೆ ದಿನವಿಡೀ ನಿಧಾನವಾಗಿ ಕರಗಲೆಂದು ಮಾಡಿದ್ದು. ಅಮ್ಮನಿಗೆ ನುಂಗಲು ಆಗುವುದಿಲ್ಲವೆಂದು ಕುಟ್ಟಿ ಪುಡಿ ಮಾಡಿಕೊಟ್ಟರೆ ದಿನದ ಔಷಧವೆಲ್ಲ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. "ಕುಟ್ಟಬಾರದು" ಎಂದು ಅದರ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಬರೆಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು 8:15. ಬಹಳ ಮನೆಗಳಲ್ಲಿ ಇನ್ಸುಲಿನ್ ಹೊತ್ತು 7:30 ಎಂದಿರುತ್ತದೆ. ಆಗ ಸೂಜಿ ಹಾಕಿದವನು ಮಗ, ತಿಂಡಿ ಕೊಡಬೇಕಾದವಳು ಸಿಸ್ಟರ್. ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು ಗಾಡಿ ತಡವಾದರೆ ಸಿಸ್ಟರ್ 9:15ಕ್ಕೆ ಬರುತ್ತಾಳೆ, ಅಷ್ಟರಲ್ಲಿ ಅಮ್ಮ ಬೆವತು ಸೋಫಾದ ಮೇಲೆ ಒರಗಿರುತ್ತಾರೆ. ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ: ಮಗ ಸೂಜಿ ಹಾಕಿದ್ದು ಗೊತ್ತಿಲ್ಲದೆ ಸಿಸ್ಟರ್ ಮತ್ತೊಮ್ಮೆ ಹಾಕುತ್ತಾಳೆ. ಎರಡಕ್ಕೂ ಮದ್ದು ಒಂದೇ. ಸೂಜಿ ಹಾಕಿದವರೇ ತಟ್ಟೆ ಖಾಲಿಯಾಗುವವರೆಗೆ ಎದುರಿಗೆ ಇರಬೇಕು. ಡ್ಯೂಟಿ ಬದಲಾಗುವ ಹೊತ್ತು ಇನ್ಸುಲಿನ್ನಿಗೂ ಊಟಕ್ಕೂ ನಡುವೆ ಬರದ ಹಾಗೆ ಸಮಯ ಇಡಿ. ಸಿಸ್ಟರ್ ತಡವಾದರೆ ಇನ್ಸುಲಿನ್ ಕೂಡ ಕಾಯಲಿ, ಜೊತೆಗೆ ತಿಂಡಿಯೂ.

ಇನ್ನೊಂದು ಮಾತು ಬ್ಯೂರೋದವರ ಹತ್ತಿರ ಮೊದಲೇ ಕೇಳಬೇಕು. ಕಳುಹಿಸುವವರು ಎಎನ್‌ಎಂ ಅಥವಾ ಜಿಎನ್‌ಎಂ ಕಲಿತ ನರ್ಸೋ, ಇಲ್ಲ ಆರೈಕೆ ಮಾಡುವ ಮಾವಶಿಯೋ? ಎಲ್ಲರನ್ನೂ ಸಿಸ್ಟರ್ ಎಂದೇ ಕರೆಯುವುದರಿಂದ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಮಾವಶಿ ಸ್ನಾನ ಮಾಡಿಸುತ್ತಾರೆ, ಊಟ ಮಾಡಿಸುತ್ತಾರೆ, ಅಮ್ಮನ ಮುಖ ನೋಡಿ ಅರ್ಧ ಕಾಯಿಲೆ ಹೇಳುತ್ತಾರೆ, ಆದರೆ ಇನ್ಸುಲಿನ್ ಎಳೆಯುವುದನ್ನು ಕಲಿತಿರುವುದಿಲ್ಲ. ಬರುವವರು ಮಾವಶಿಯಾದರೆ ಸೂಜಿ ಮನೆಯವರ ಕೆಲಸ, ಊಟವೂ ಅದೇ ಹೊತ್ತಿಗೆ ಮನೆಯವರ ಎದುರಿಗೇ.

ಸಿರಿಂಜಿನ ಮುಚ್ಚಳದ ಬಣ್ಣ

ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು. ಪೆನ್ನಿನೊಳಗಿನ ಇನ್ಸುಲಿನ್ 100 ಯೂನಿಟ್‌ನದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಇವು ಅದಲು ಬದಲಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಪೆನ್ನು ಕೆಟ್ಟಿತೆಂದು ಅದರ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 14ರ ಗೆರೆವರೆಗೆ ಎಳೆದರೆ ಒಳಗೆ ಬಂದದ್ದು 0.35 ಮಿಲಿಲೀಟರು, ಅಂದರೆ 35 ಯೂನಿಟ್. 76ರ ಅಮ್ಮನಿಗೆ ಇದು ಪ್ರಾಣಕ್ಕೆ ಕುತ್ತು. ಬಾಟಲಿಯಿಂದ ಕಿತ್ತಳೆ ಮುಚ್ಚಳದ್ದರಲ್ಲಿ 14ರವರೆಗೆ ಎಳೆದರೆ ಹೋಗುವುದು ಆರು ಯೂನಿಟ್ಟಿಗೂ ಕಡಿಮೆ, ಸಕ್ಕರೆ ಏಕೆ ಇಳಿಯುತ್ತಿಲ್ಲ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೀರಿ. ಹಾಳೆಯಲ್ಲಿ "ಬಾಟಲಿ 40, ಕೆಂಪು ಮುಚ್ಚಳ ಮಾತ್ರ" ಎಂದು ಬರೆದು, ಬೇರೆ ಬಣ್ಣದ ಸಿರಿಂಜು ಮನೆಯಲ್ಲಿ ಒಂದೂ ಇಡಬೇಡಿ.

30/70 ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್. ಎಳೆಯುವ ಮೊದಲು ಎರಡು ಅಂಗೈಗಳ ನಡುವೆ ಹತ್ತು ಸಲ ಉರುಳಿಸಬೇಕು, ಕುಲುಕಬಾರದು. ಬಿಳಿ ಪುಡಿ ತಳದಲ್ಲೇ ಉಳಿದರೆ ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಆಗುತ್ತದೆ. ಬಾಟಲಿಯ ಜಾಗ ಫ್ರಿಜ್ಜಿನ ಬಾಗಿಲು. ಹೆಪ್ಪುಗಟ್ಟುವ ಮೇಲಿನ ಖಾನೆಯಲ್ಲಿ ಎಂದೂ ಇಡಬಾರದು. ತೆರೆದ ತಾರೀಖನ್ನು ಬಾಟಲಿಯ ಮೇಲೆ ಬರೆಯಿರಿ. ಒಂದು ತಿಂಗಳಾದ ಮೇಲೆ ಉಳಿದಿದ್ದರೂ ಚೆಲ್ಲಿ.

"ಉಣ್ಣದಿದ್ದರೆ" ಎಂಬ ಸಾಲು

ಈಗ ಹಾಳೆಯ ಬಲಗಡೆ ಇನ್ನೊಂದು ಸಾಲು ಎಳೆಯಿರಿ. ಪ್ರತಿ ಔಷಧದ ಮುಂದೆ "ಉಣ್ಣದಿದ್ದರೆ ಏನು" ಎಂದು ಡಾಕ್ಟರನ್ನು ಕೇಳಿ ತುಂಬಬೇಕು. ಐದು ನಿಮಿಷದ ಕೆಲಸ. ಅವರ ಎದುರಿಗೆ ಹಾಳೆ ಇಟ್ಟು, ಅವರ ಸಹಿಯೂ ಇದೇ ಹಾಳೆಯ ಮೇಲೆ ಬೀಳಲಿ. ಕೇಳಬೇಕಾದದ್ದು ಇಷ್ಟು: ತಿಂಡಿ ಪೂರ್ತಿ ಬೇಡವೆಂದರೆ ಇನ್ಸುಲಿನ್ ಕೊಡಬೇಕೇ? ಅರ್ಧ ಮಾತ್ರ ತಿನ್ನುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ಎಷ್ಟು ಯೂನಿಟ್? ಊಟಕ್ಕೆ ಮುಂಚಿನ ಸಕ್ಕರೆ ಎಷ್ಟಕ್ಕಿಂತ ಕಡಿಮೆ ಇದ್ದರೆ ಸೂಜಿ ತಡೆದು ಫೋನ್ ಮಾಡಬೇಕು? ಮೇಲಿನ ಬಿಪಿ ಎಷ್ಟಕ್ಕಿಂತ, ನಾಡಿ ಎಷ್ಟಕ್ಕಿಂತ ಕೆಳಗಿದ್ದರೆ ಬಿಪಿ ಗುಳಿಗೆ ನಿಲ್ಲಿಸಬೇಕು? ವಾಂತಿ, ಭೇದಿ ಹಿಡಿದ ದಿನ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಎರಡನ್ನೂ ತಡೆಯಬೇಕೇ? ಈ ಕೊನೆಯದನ್ನು ಕೇಳುವುದನ್ನು ಮರೆಯಬೇಡಿ. ಮೈಯಲ್ಲಿ ನೀರು ಬತ್ತಿದಾಗ ಇವೆರಡೂ ಮೂತ್ರಪಿಂಡದ ಕಡೆಯಿಂದ ತೊಂದರೆ ತರುತ್ತವೆ.

ನಿಮ್ಮ ಮನೆಯಲ್ಲಿ ಇನ್ಸುಲಿನ್ ಬದಲು ಗ್ಲಿಮೆಪಿರೈಡ್ ಗುಳಿಗೆ ಇದ್ದರೆ ಇದೇ ಸಾಲು ಅಷ್ಟೇ ಮುಖ್ಯ. ಅದು ಊಟ ಮಾಡಲಿ ಬಿಡಲಿ ಸಕ್ಕರೆ ಇಳಿಸುತ್ತದೆ, ಮೂತ್ರಪಿಂಡ ಕ್ಷೀಣವಾದವರಲ್ಲಿ ಅದರ ಪರಿಣಾಮ ಬಹಳ ಹೊತ್ತು ಉಳಿಯುತ್ತದೆ. ಅದು ಮೆಟ್‌ಫಾರ್ಮಿನ್ ಜೊತೆ ಒಂದೇ ಗುಳಿಗೆಯಲ್ಲಿ ಸೇರಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಕೊಡಲು ಬರುವುದಿಲ್ಲ. ಉಣ್ಣುವ ನಂಬಿಕೆ ಇಲ್ಲದವರಿಗೆ ಎರಡನ್ನೂ ಬೇರೆ ಬೇರೆ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಬಹುದು.

ತಪ್ಪಿಹೋದ ಡೋಸಿಗೆ ಒಂದೇ ನಿಯಮ ಬರೆಯಿರಿ: ಮುಂದಿನ ಹೊತ್ತಿಗೆ ಎರಡು ಕೊಡಬಾರದು, ಫೋನ್ ಮಾಡಬೇಕು.

ಏಕಾದಶಿಗೆ ಬೇರೆಯೇ ಹಾಳೆ

ಮರಾಠಿ ಸಿಸ್ಟರ್‌ಗೆ "ಇಂದು ಅಮ್ಮನಿಗೆ ಉಪವಾಸ" ಎಂದರೆ ಆಕೆ ತಲೆಯಾಡಿಸಿ ಸಾಬೂದಾಣೆ ಖಿಚಡಿಗೆ ನೆನೆಹಾಕುತ್ತಾಳೆ. ಅವರ ಕಡೆ ಉಪವಾಸ ಎಂದರೆ ಸಾಬೂದಾಣೆ, ರಾಜಗಿರಾ, ವರೀ ಅನ್ನ, ಆಲೂಗಡ್ಡೆ. ಹೊಟ್ಟೆ ತುಂಬಾ ತಿನ್ನುವುದು. ಅದಕ್ಕೆ ತಕ್ಕಂತೆ ಇನ್ಸುಲಿನ್ ಕೊಟ್ಟು ತಟ್ಟೆ ತಂದಿಟ್ಟರೆ ಅಮ್ಮ ಮುಟ್ಟುವುದಿಲ್ಲ. ಅಮ್ಮನ ಮಟ್ಟಿಗೆ ಏಕಾದಶಿ ಎಂದರೆ ನೀರೂ ಇಲ್ಲ. ಒಂದೇ ಮಾತು, ಎರಡು ಅರ್ಥ, ನಡುವೆ 14 ಯೂನಿಟ್.

ಮಾಡಬೇಕಾದದ್ದು ಹೀಗೆ. ಪಂಚಾಂಗ ನೋಡಿ ಇಡೀ ವರ್ಷದ ಏಕಾದಶಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ವೃತ್ತ ಹಾಕಿ ಗುರುತಿಸಿ. ಮಹಾರಾಷ್ಟ್ರದ ಕ್ಯಾಲೆಂಡರಿನ ದಿನವೂ ಅಮ್ಮನ ಮಠದ ಪಂಚಾಂಗದ ದಿನವೂ ಕೆಲವೊಮ್ಮೆ ಒಂದು ದಿನ ಆಚೆ ಈಚೆ ಆಗುತ್ತವೆ, ಅಮ್ಮನ ಪಂಚಾಂಗವನ್ನೇ ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರು ನಿರ್ಜಲ ಮಾಡಬಾರದು ಎಂದು ಡಾಕ್ಟರ್ ಹೇಳುತ್ತಾರೆ, ಅಮ್ಮ ಕೇಳುವುದಿಲ್ಲ. ಮಗನ ಮಾತಿಗಿಂತ ಮಠದ ಆಚಾರ್ಯರ ಮಾತು ಅಲ್ಲಿ ನಡೆಯುತ್ತದೆ. ವಯಸ್ಸಾದವರಿಗೆ, ರೋಗಿಗಳಿಗೆ ಹಾಲು, ಹಣ್ಣು, ಅವಲಕ್ಕಿಯಂಥ ಫಲಾಹಾರದ ವಿನಾಯಿತಿ ಉಂಟೆಂದು ಅವರ ಬಾಯಿಂದಲೇ ಹೇಳಿಸಿ. ಆಮೇಲೆ ಫಲಾಹಾರ ಏನು, ಎಷ್ಟು ಗಂಟೆಗೆ ಎಂಬುದನ್ನು ಡಾಕ್ಟರಿಗೆ ತೋರಿಸಿ ಆ ದಿನದ ಇನ್ಸುಲಿನ್ ಎಷ್ಟೆಂದು ಬರೆಸಿಕೊಳ್ಳಿ. ಮರುದಿನ ದ್ವಾದಶಿಯ ಪಾರಣೆ ಕೆಲವೊಮ್ಮೆ ಸೂರ್ಯೋದಯದ ಹೊತ್ತಿಗೇ ಇರುತ್ತದೆ. ಆಗ ಸಿಸ್ಟರ್ ಬಂದಿರುವುದಿಲ್ಲ. ಆ ದಿನ ಥೈರಾಕ್ಸಿನ್, ಸೂಜಿ, ಊಟ ಮೂರೂ ಮನೆಯವರ ಪಾಲಿಗೆ ಎಂದು ಅದೇ ಹಾಳೆಯಲ್ಲಿ ಬರೆದಿರಲಿ, ಇಲ್ಲವಾದರೆ 8:15ಕ್ಕೆ ಎರಡನೇ ಸೂಜಿ ಬೀಳುತ್ತದೆ.

ಚಾತುರ್ಮಾಸ್ಯವನ್ನೂ ಮರೆಯಬೇಡಿ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆ ಇಲ್ಲ. ಹಾಳೆಯಲ್ಲಿ ರಾತ್ರಿ 10:30ಕ್ಕೆ ಹಾಲು ಇರುವುದು ನಸುಕಿನಲ್ಲಿ ಸಕ್ಕರೆ ಇಳಿಯದಿರಲೆಂದು. ಕ್ಷೀರವ್ರತದ ತಿಂಗಳಲ್ಲಿ ಅಮ್ಮ ಅದನ್ನು ಮುಟ್ಟುವುದಿಲ್ಲ, ಆದರೆ ರಾತ್ರಿಯ ಎಂಟು ಯೂನಿಟ್ ಹಾಗೇ ಮುಂದುವರಿಯುತ್ತದೆ. ಆ ತಿಂಗಳಿಗೆ ಅರ್ಧ ವಾಟಿ ಮೊಸರವಲಕ್ಕಿ ಎಂದು ಬದಲಾಯಿಸಿ ಬರೆಯಿರಿ. ಮೊಸರಿಗೆ ಆಗ ಅಡ್ಡಿಯಿಲ್ಲ.

ಊಟವನ್ನು ಅಳತೆಯಲ್ಲಿ ಬರೆಯುವುದು

"ಕಡಿಮೆ ಅನ್ನ, ಸಿಹಿ ಬೇಡ" ಎಂದು ಬರೆದ ಹಾಳೆ ಅಪಾಯಕಾರಿ. ಹೊಸ ಸಿಸ್ಟರ್ ಸಕ್ಕರೆ ಕಾಯಿಲೆ ಎಂದು ಓದಿ ಅನ್ನವನ್ನೇ ತೆಗೆದುಬಿಡುತ್ತಾಳೆ. ಇನ್ಸುಲಿನ್ ಮಾತ್ರ ಅನ್ನ ಉಣ್ಣುವ ಲೆಕ್ಕದಲ್ಲೇ ಇರುತ್ತದೆ. ಆದ್ದರಿಂದ ಹೆಚ್ಚೆಂದರೆ ಎಷ್ಟು ಎಂಬುದಕ್ಕಿಂತ ಕಡಿಮೆಯೆಂದರೆ ಎಷ್ಟು ಎಂದು ಬರೆಯಿರಿ. ಮನೆಯಲ್ಲಿ ಒಂದು ಸ್ಟೀಲಿನ ವಾಟಿ ಆರಿಸಿ, ಅದರ ಅಡಿಗೆ ಬಣ್ಣದ ಟೇಪು ಅಂಟಿಸಿ. ಅಳತೆಯೆಲ್ಲ ಆ ವಾಟಿಯಲ್ಲಿ: ತಿಂಡಿಗೆ ಒಂದೂವರೆ ವಾಟಿ ಉಪ್ಪಿಟ್ಟು ಅಥವಾ ಎರಡು ಇಡ್ಲಿ, ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಒಂದು ವಾಟಿ ಅನ್ನ, ಒಂದು ವಾಟಿ ಬೇಳೆ ಸಾರು, ಪಲ್ಯ, ಮಜ್ಜಿಗೆ. ಅದರ ಕೆಳಗೆ, "ಅರ್ಧಕ್ಕಿಂತ ಕಡಿಮೆ ಉಂಡರೆ ಫೋನ್ ಮಾಡಿ, ಎರಡು ಗಂಟೆ ಬಿಟ್ಟು ಸಕ್ಕರೆ ನೋಡಿ."

ಉಪ್ಪಿನ ಬಗ್ಗೆ ಒಂದೇ ಎಚ್ಚರ. ಬಿಪಿಗೆ ಒಳ್ಳೆಯದೆಂದು ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಂ ಏರಿಸುವಂಥದ್ದು. ಡಾಕ್ಟರನ್ನು ಕೇಳದೆ ಆ ಉಪ್ಪು ತರಬೇಡಿ, ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ.

ಸಕ್ಕರೆ ಇಳಿದಾಗ

ಇದೊಂದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಅಮ್ಮನ ಮಂಚದ ಹತ್ತಿರದ ಗೋಡೆಗೆ ಅಂಟಿಸಿ. ಸಕ್ಕರೆ ಇಳಿದರೆ ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ ಎಂದು ಎಲ್ಲ ನರ್ಸ್‌ಗಳೂ ಕಲಿತಿರುತ್ತಾರೆ. ನಮ್ಮ ಅಮ್ಮ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಅದು ನಡುಕವನ್ನೂ ಡವಡವವನ್ನೂ ಮುಚ್ಚಿಹಾಕುತ್ತದೆ, ಬೆವರು ಮಾತ್ರ ಉಳಿಯುತ್ತದೆ. ಹಾಗಾಗಿ ಹಾಳೆಯ ಮೊದಲ ಸಾಲು: "ಇವರಿಗೆ ನಡುಕ ಬರುವುದಿಲ್ಲ. ಕುತ್ತಿಗೆ ಬೆವತರೆ, ಸುಮ್ಮನೆ ಸಿಡುಕಿದರೆ, ಕೇಳಿದ್ದಕ್ಕೆ ಬೇರೇನೋ ಹೇಳಿದರೆ, ಮಂಪರು ಬಂದಂತಿದ್ದರೆ ಸಕ್ಕರೆ ನೋಡಿ."

70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ, ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕಲಸಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಇನ್ನೂ 70ರ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ. ಮೇಲೆ ಬಂದ ಮೇಲೆ ಅರ್ಧ ವಾಟಿ ಮೊಸರನ್ನ ಅಥವಾ ಮೂರು ಬಿಸ್ಕತ್ತು. ಇಲ್ಲವಾದರೆ ಮತ್ತೆ ಇಳಿಯುತ್ತದೆ. ಬೇಸನ್ ಉಂಡೆ, ಪೇಢೆ, ಚಾಕೊಲೇಟ್ ಈ ಹೊತ್ತಿಗಲ್ಲ. ಅದರಲ್ಲಿರುವ ತುಪ್ಪ, ಕೊಬ್ಬು ಸಕ್ಕರೆ ರಕ್ತಕ್ಕೆ ಇಳಿಯುವುದನ್ನು ತಡಮಾಡುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆಯೂ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಆಗಬೇಕು. ಗ್ಲಿಮೆಪಿರೈಡ್‌ನಿಂದ ಇಳಿದದ್ದಾದರೆ ಸರಿಹೋಯಿತೆಂದು ಕೈಬಿಡಬಾರದು, ಗಂಟೆಗಳ ನಂತರ ಮರಳಿ ಇಳಿಯುತ್ತದೆ, ಡಾಕ್ಟರಿಗೆ ಅಂದೇ ಹೇಳಬೇಕು.

ಎಚ್ಚರ ತಪ್ಪಿದ್ದರೆ ಅಥವಾ ನುಂಗಲಾಗದಿದ್ದರೆ ಬಾಯಿಗೆ ಒಂದು ಹನಿಯೂ ಹಾಕಬಾರದು, ಶ್ವಾಸಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ 108. ಮೀಟರು ಕೆಟ್ಟಿದ್ದು, ಲಕ್ಷಣ ಇದ್ದು, ಎಚ್ಚರವಿದ್ದರೆ ಸಕ್ಕರೆ ಇಳಿದಿದೆ ಎಂದೇ ತಿಳಿದು ಕುಡಿಸಿ. ಸ್ವಲ್ಪ ಹೊತ್ತು ಏರಿದರೆ ನಷ್ಟವಿಲ್ಲ.

ಮೀಟರಿನ ಬಗ್ಗೆ: ಮುಂಬೈ ಮಳೆಗಾಲದ ತೇವಕ್ಕೆ ಪರೀಕ್ಷೆಯ ಪಟ್ಟಿಗಳು ಬೇಗ ಹಾಳಾಗುತ್ತವೆ. ಒಂದು ಪಟ್ಟಿ ತೆಗೆದ ಕೂಡಲೇ ಡಬ್ಬಿ ಮುಚ್ಚಬೇಕು. ಬಾಳೆಹಣ್ಣು ಸುಲಿದ ಕೈಯಿಂದ ರಕ್ತ ತೆಗೆದರೆ 60 ಇದ್ದದ್ದು 140 ಎಂದು ತೋರಿಸಬಹುದು. ಬೆರಳು ತೊಳೆದು ಒರೆಸಿದ ಮೇಲೆಯೇ ಚುಚ್ಚಬೇಕು.

ಉಳಿದ ಅಪಾಯದ ಗುರುತುಗಳು

ಮೊದಲು 108, ಆಮೇಲೆ ಮಗನಿಗೆ ಫೋನ್. ಈ ಅನುಕ್ರಮ ಬರೆದಿರದಿದ್ದರೆ ಸಿಸ್ಟರ್ ಮಗನಿಗೇ ಮಾಡುತ್ತಾಳೆ, ಮಗ ಗಾಡಿಯಲ್ಲಿರುತ್ತಾನೆ, ರಿಂಗ್ ಕೇಳಿಸುವುದಿಲ್ಲ. ಯಾರನ್ನೂ ಕೇಳದೆ 108 ಕರೆಯಬಹುದು ಎಂದು ಸ್ಪಷ್ಟವಾಗಿ ಬರೆಯಿರಿ. ಬಾಯಿ ಒಂದು ಕಡೆ ವಾಲುವುದು, ಒಂದು ಕೈ ಏಳದಿರುವುದು, ಮಾತು ತೊದಲುವುದು. ಇವು ಪಾರ್ಶ್ವವಾಯುವಿನ ಗುರುತು. ಇಲ್ಲಿ ಅಮ್ಮ ಸರಿಯಾಗಿದ್ದುದನ್ನು ಕೊನೆಗೆ ನೋಡಿದ್ದು ಎಷ್ಟು ಗಂಟೆಗೆ ಎಂದು ಬರೆದಿಡಬೇಕು, ಹೆಪ್ಪು ಕರಗಿಸುವ ಔಷಧ ನಾಲ್ಕೂವರೆ ಗಂಟೆಯೊಳಗೆ ಮಾತ್ರ. ಇಳಿದ ಸಕ್ಕರೆಯೂ ಹೀಗೇ ತೋರಬಹುದು, ಹಾಗಾಗಿ ಆಂಬುಲೆನ್ಸಿಗೆ ಫೋನ್ ಮಾಡಿ ಕಾಯುವ ಹೊತ್ತಿನಲ್ಲಿ ಬೆರಳು ಚುಚ್ಚಿ ನೋಡಲಿ. ಹಠಾತ್ ಉಸಿರುಗಟ್ಟುವುದು, ತಣ್ಣನೆ ಬೆವರಿನ ಜೊತೆ ವಾಂತಿ; ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತ ಎದೆನೋವಿಲ್ಲದೆಯೇ ಬರುವುದುಂಟು. ತಲೆಗೆ ಪೆಟ್ಟಾಗುವಂತೆ ಬೀಳುವುದು, ಆಸ್ಪಿರಿನ್ ಇರುವುದರಿಂದ, ನೋಡಲು ಏನೂ ಆಗದಂತಿದ್ದರೂ ಆಸ್ಪತ್ರೆಗೆ. ಟಾರಿನಂತೆ ಕಪ್ಪಗಿನ ಮಲವೂ ಹಾಗೆಯೇ.

ಅದೇ ದಿನ ಡಾಕ್ಟರಿಗೆ ಹೇಳಬೇಕಾದದ್ದು ಕೆಲವು: ಜ್ವರ, ಕಾಲಿನ ಗಾಯ, ಎರಡು ಊಟ ತಪ್ಪಿದ್ದು, ನೀರು ಕುಡಿಯುವಾಗ ಕೆಮ್ಮು, ಎರಡು ದಿನದಲ್ಲಿ ಕಾಲು ಊದಿದ್ದು. ಒಂದೇ ದಿನದಲ್ಲಿ ಅಮ್ಮ ಗೊಂದಲಕ್ಕೊಳಗಾದರೆ ಅದನ್ನು ಮರೆವು ಎಂದು ಬಿಡಬೇಡಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಉರಿಯಿಲ್ಲದೆ ಹೀಗೂ ಕಾಣಿಸಿಕೊಳ್ಳುತ್ತದೆ.

ಆದರೆ ಅಮ್ಮ ಮಾಮೂಲಿ ದಿನ ಹೇಗಿರುತ್ತಾರೆ ಎಂದು ಹೊಸಬರಿಗೆ ಗೊತ್ತಿರದಿದ್ದರೆ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ. ಹಾಳೆಯ ತುದಿಯಲ್ಲಿ ನಾಲ್ಕು ಸಾಲು ಬರೆಯಿರಿ: ಬಿಪಿ ಸಾಮಾನ್ಯವಾಗಿ 130/70ರ ಆಸುಪಾಸು, ನಾಡಿ 64, ಎಡಗಾಲು ಸ್ವಲ್ಪ ಊದಿಯೇ ಇರುತ್ತದೆ, ಗೋಡೆ ಹಿಡಿದು ತಾವೇ ಬಚ್ಚಲಿಗೆ ಹೋಗುತ್ತಾರೆ, ಮೊಮ್ಮಗನ ಹೆಸರು ಎಂದೂ ತಪ್ಪುವುದಿಲ್ಲ.

ಅಮ್ಮನ ಮಾತು, ಸಿಸ್ಟರ್‌ನ ಕಿವಿ

ಹಾಳೆ ಸಿಸ್ಟರ್ ಓದುವ ಭಾಷೆಯಲ್ಲಿರಬೇಕು, ಡೊಂಬಿವಲಿಯಲ್ಲಿ ಹೆಚ್ಚಾಗಿ ಮರಾಠಿ. ಅದರ ಜೊತೆ ಅಮ್ಮ ಆಡುವ ಹತ್ತು ಮಾತುಗಳ ಪಟ್ಟಿ ಬೇಕು, ಅವರು ಆಡುವ ಹಾಗೆಯೇ. "ಕಣ್ಣಿಗೆ ಕತ್ತಲಿ ಬರ್ತದ" ಎಂದರೆ ಚಕ್ಕರ್. "ಎದಿ ಹಿಡದಂಗ ಆಗ್ತದ" ಎಂದರೆ ಛಾತೀತ್ ದುಖತೆ. "ಒಂದಕ್ಕ ಹೋಗಬೇಕು" ಎಂದರೆ ಲಘವಿ. "ಸಂಕಟ ಆಗ್ಲಿಕ್ಕತ್ತದ" ಎಂದಾಗ ಸಿಸ್ಟರ್‌ಗೆ ಕೇಳಿಸುವುದು ಮರಾಠಿಯ ಸಂಕಟ, ಮನೆಗೆ ಬಂದ ಆಪತ್ತು. ಅಮ್ಮ ಹೇಳುತ್ತಿರುವುದು ಹೊಟ್ಟೆ ತೊಳಸುತ್ತಿದೆ, ಜೀವ ಒದ್ದಾಡುತ್ತಿದೆ ಎಂದು. ಈ ಮಾತು ಬಂದರೆ ಸಕ್ಕರೆ ಮತ್ತು ಬಿಪಿ ಎರಡೂ ನೋಡಬೇಕು ಎಂದು ಪಕ್ಕದಲ್ಲಿ ಬರೆಯಿರಿ.

ಇನ್ನೊಂದು, "ಉಂಡೀನಿ, ಉಂಡೀನಿ." ಹೊರಗಿನವರು ಊಟಕ್ಕೆ ಒತ್ತಾಯ ಮಾಡಿದಾಗ ಅಮ್ಮ ಸಂಕೋಚಕ್ಕೆ ಆಡುವ ಮಾತಿದು, ಊಟ ಆಗಿದೆ ಎಂದಲ್ಲ. ತಟ್ಟೆ ನೋಡಬೇಕು, ಮಾತು ಕೇಳಬಾರದು.

ಬರೆದಾದ ಮೇಲೆ ಸಿಸ್ಟರ್‌ಗೆ ಓದಲು ಕೊಟ್ಟು "ಅರ್ಥವಾಯಿತಾ" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಬದಲಿಗೆ, "ಅಮ್ಮ ಸೂಜಿ ಆದ ಮೇಲೆ ತಿಂಡಿ ಬೇಡ ಅಂದರೆ ನೀವೇನು ಮಾಡುತ್ತೀರಿ?" ಎಂದು ಕೇಳಿ. ಆಕೆಯ ಉತ್ತರದಲ್ಲಿ ಸಕ್ಕರೆ ನೀರು, ಬೆರಳಿನ ಪರೀಕ್ಷೆ, ಫೋನ್ ಮೂರೂ ಬರದಿದ್ದರೆ ಹಾಳೆಯಲ್ಲೇ ಎಲ್ಲೋ ಕೊರತೆ ಇದೆ.

ವಹಿ, ಹಸ್ತಾಂತರ, ವೃದ್ಧಾಶ್ರಮ

ಒಂದು ಉದ್ದ ವಹಿ ಇಡಿ. ಗುಳಿಗೆ ನುಂಗಿದ್ದನ್ನು ಕಂಡ ಮೇಲೆ ಹೊತ್ತು, ಸಹಿ. ಕೈಗೆ ಕೊಟ್ಟಾಗ ಅಲ್ಲ. ಅಮ್ಮ ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡ ಗುಳಿಗೆಗಳು ಬಟ್ಟೆ ಒಗೆಯುವಾಗ ಸಿಗುತ್ತವೆ. ಸಕ್ಕರೆ, ಬಿಪಿ, ಎಷ್ಟು ಉಂಡರು, ಮಲ ಆಯಿತೇ. ರಾತ್ರಿ 8ಕ್ಕೆ ಹೋಗುವವರು ಬರುವವರಿಗೆ ವಹಿ ತೋರಿಸಿ ಕೊನೆಯ ಇನ್ಸುಲಿನ್ನಿನ ಹೊತ್ತನ್ನು ಬಾಯಲ್ಲೂ ಹೇಳಬೇಕು.

108ರವರಿಗೆ ಹೇಳಬೇಕಾದ ವಿಳಾಸ, ಗೇಟಿನ ಗುರುತು, ಮೂರನೇ ಮಹಡಿ, ಲಿಫ್ಟ್ ಇಲ್ಲ, ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕು ಎಂಬುದನ್ನು ಮರಾಠಿಯಲ್ಲೇ ಬರೆದು ಬಾಗಿಲ ಹಿಂದೆ ಅಂಟಿಸಿ. ಅಲ್ಲೇ ಒಂದು ಚೀಲ ತೂಗುಹಾಕಿ: ಹಾಳೆಯ ಪ್ರತಿ, ಹಳೆಯ ಇಸಿಜಿ, ಸ್ಟೆಂಟಿನ ಕಾಗದ, ವಿಮೆಯ ಕಾರ್ಡು, ಆಧಾರ್ ಪ್ರತಿ.

ಅಮ್ಮನನ್ನು ಪುಣೆ ಕಡೆಯ ಯಾವುದಾದರೂ ಆಶ್ರಮದಲ್ಲಿ ಬಿಡುವುದಾದರೆ ಮೊದಲು ಅಲ್ಲಿಯ ಅಡುಗೆಮನೆಯ ಸಮಯ ಕೇಳಿ. ರಾತ್ರಿ ಊಟ 7ಕ್ಕೆ, ಬೆಳಗಿನ ತಿಂಡಿ 8:30ಕ್ಕೆ ಎಂದಾದರೆ ನಡುವೆ ಹದಿಮೂರೂವರೆ ಗಂಟೆ. ಮನೆಯ ಎಂಟು ಯೂನಿಟ್ ಅಲ್ಲಿಗೆ ಒಪ್ಪುತ್ತದೆಯೇ, ಮಲಗುವ ಮುನ್ನ ಏನು ತಿನ್ನಬೇಕು ಎಂದು ಡಾಕ್ಟರನ್ನು ಕೇಳಿ ಹಾಳೆ ಬದಲಿಸಬೇಕು. ಆಶ್ರಮದವರು ತಮ್ಮ ಮೆಡಿಕಲ್ ಅಂಗಡಿಯಿಂದ ಬೇರೆ ಕಂಪನಿಯ ಗುಳಿಗೆ ತರಿಸುವುದುಂಟು. ತಂದಾಗಲೆಲ್ಲ ಸ್ಟ್ರಿಪ್ಪಿನ ಫೋಟೋ ಕಳುಹಿಸಿ, ನೀವು ಮೂಲ ಹೆಸರು ತಾಳೆ ನೋಡಿದ ಮೇಲೆಯೇ ಕೊಡಬೇಕು ಎಂದು ಸೇರಿಸುವಾಗಲೇ ಬರೆಸಿಕೊಳ್ಳಿ. ರಾತ್ರಿ ಪಾಳಿಯಲ್ಲಿ ಸಕ್ಕರೆ ನೋಡಬಲ್ಲವರು ಯಾರು ಎಂದು ಹೆಸರು ಸಹಿತ ಕೇಳಿ.

ಡಾಕ್ಟರ್ ಒಂದು ಗುಳಿಗೆ ಬದಲಿಸಿದರೂ ಹಳೆಯ ಹಾಳೆಯ ಮೇಲೆ ಗೀಚಿ ತಿದ್ದಬೇಡಿ. ಹೊಸದಾಗಿ ಬರೆದು, ಮೇಲೆ ತಾರೀಖು ಹಾಕಿ, ಫ್ರಿಜ್ಜು, ಚೀಲ, ಬಾಗಿಲು, ಸಿಸ್ಟರ್‌ನ ಮೊಬೈಲು, ಈ ನಾಲ್ಕೂ ಕಡೆಯ ಹಳೆಯದನ್ನು ತೆಗೆದು ಹರಿದು ಹಾಕಿ. ನಿಲ್ಲಿಸಿದ ಗುಳಿಗೆಯ ಉಳಿದ ಸ್ಟ್ರಿಪ್ಪು ಡಬ್ಬಿಯಲ್ಲಿರಬಾರದು.